ಆಲೂಗಡ್ಡೆ, ಸಕ್ಕರೆ ನೀರು ಮತ್ತು 0.28: ನಾಲ್ಕು ಶನಿವಾರದ ಪ್ರಯೋಗದ ದಾಖಲೆ

ಆಲೂಗಡ್ಡೆಯ ಒಳಕ್ಕೂ ಹೊರಕ್ಕೂ ನೀರು ಹರಿಯದಿರಲು ಸಕ್ಕರೆ ನೀರು ಎಷ್ಟು ಗಟ್ಟಿ ಇರಬೇಕು ಎಂದು ಕಂಡುಹಿಡಿಯುವ ಪ್ರಯೋಗವನ್ನು ಮೊದಲ ಸಲ ಮಾಡಿದಾಗ ಉತ್ತರ 0.31 ಬಂತು. ಆಲೂಗಡ್ಡೆಗೆ ಸಾಮಾನ್ಯವಾಗಿ 0.25ರಿಂದ 0.35 ಮೋಲಾರ್ ಒಳಗೆ ಬರುತ್ತದೆ ಎಂದು ಗೊತ್ತಿದ್ದ ನಾನು, ಸರಿಯಾಗಿದೆ ಎಂದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವವಳಿದ್ದೆ. ಆ 0.31ರಲ್ಲಿ ಎರಡು ತಪ್ಪುಗಳಿದ್ದವು. ಒಂದು ಉತ್ತರವನ್ನು ಮೇಲಕ್ಕೆ ಎಳೆದಿತ್ತು, ಇನ್ನೊಂದು ಕೆಳಕ್ಕೆ. ಎರಡೂ ಸೇರಿ ಒಂದನ್ನೊಂದು ಮುಚ್ಚಿಹಾಕಿದ್ದವು. ಅವನ್ನು ಬಿಡಿಸಿಕೊಳ್ಳಲು ಇನ್ನೊಂದು ಶನಿವಾರ ಬೇಕಾಯಿತು. ನಾಲ್ಕನೆಯ ಶನಿವಾರ ಹುಟ್ಟಿದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ನಾನು ಹಾಸನದ ಕಡೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರಥಮ ಪಿಯುಸಿಯವರಿಗೆ ಆಲೂಗಡ್ಡೆಯ ಆಸ್ಮೋಮೀಟರ್ ಪ್ರತಿ ವರ್ಷ ಇದ್ದದ್ದೇ: ಗಡ್ಡೆಯಲ್ಲಿ ಗುಳಿ ತೋಡು, ಸಕ್ಕರೆ ನೀರು ಹಾಕು, ಗುಂಡುಸೂಜಿ ಚುಚ್ಚಿ ಮಟ್ಟ ಗುರುತಿಸು. ನೀರು ಒಳಗೆ ಬಂತು ಎಂದು ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ಈ ವರ್ಷ ಒಬ್ಬ ಹುಡುಗಿ, "ಮೇಡಂ, ನೀರು ಒಳಕ್ಕೂ ಹೋಗದೆ ಹೊರಕ್ಕೂ ಬರದೆ ಇರೋಕೆ ಎಷ್ಟು ಸಕ್ಕರೆ ಹಾಕ್ಬೇಕು?" ಎಂದು ಕೇಳಿದಳು. ಅದು ಐಸೋಟಾನಿಕ್ ಸಾರತೆಯನ್ನೇ ಕೇಳುವ ಪ್ರಶ್ನೆ. ಉತ್ತರವನ್ನು ಪುಸ್ತಕದಿಂದ ಓದಿ ಹೇಳುವ ಬದಲು ತೂಗಿ ಕಂಡುಹಿಡಿಯೋಣ ಎಂದು ಶುರು ಮಾಡಿದೆವು.

ಸಾಮಾನು

ಲ್ಯಾಬಿನಲ್ಲಿ ಇದ್ದದ್ದು: 10 ಮಿಲಿಮೀಟರ್ ಒಳವ್ಯಾಸದ ಕಾರ್ಕ್ ಬೋರರ್, ಆರು ಬಾಯ್ಲಿಂಗ್ ಟ್ಯೂಬ್, ಅಳತೆ ಸಿಲಿಂಡರ್, ಬ್ಲೇಡು, ಸ್ಕೇಲು, ಬಿಳಿ ಟೈಲ್. ಕೊಂಡದ್ದು: ಒಂದು ಕಿಲೋ ಆಲೂಗಡ್ಡೆ 32 ರೂಪಾಯಿ, ಅರ್ಧ ಕಿಲೋ ಸಕ್ಕರೆ 24 ರೂಪಾಯಿ, ಒಂದು ಸುರುಳಿ ಟಿಶ್ಯೂ ಪೇಪರ್ 40 ರೂಪಾಯಿ. ಲ್ಯಾಬಿನ ತಕ್ಕಡಿ 0.1 ಗ್ರಾಂವರೆಗೆ ಮಾತ್ರ ತೋರಿಸುತ್ತದೆ. ಎರಡೂವರೆ ಗ್ರಾಂ ತೂಗುವ ತುಂಡಿಗೆ 0.1 ಎಂದರೆ ಶೇ. 4ರಷ್ಟು ಆಯಿತು, ಅದು ಪ್ರಯೋಜನವಿಲ್ಲ. ಆದ್ದರಿಂದ 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯನ್ನು 550 ರೂಪಾಯಿ ಕೊಟ್ಟು ತರಿಸಿದೆ. ಪ್ರತಿ ಸಲ ಭೌತಶಾಸ್ತ್ರ ಲ್ಯಾಬಿನ ತೂಕದ ಪೆಟ್ಟಿಗೆಯಿಂದ 5 ಗ್ರಾಂ ಕಲ್ಲು ಇಟ್ಟು ಪರೀಕ್ಷಿಸಿಕೊಂಡೆವು.

ಗಡ್ಡೆ ಇಲ್ಲಿಯ ಮುಂಗಾರು ಬೆಳೆಯದು, ಕುಫ್ರಿ ಜ್ಯೋತಿ. ಸಂತೆಯಲ್ಲಿ ಮಾರುವವರನ್ನು ಕೇಳಿ, ಹೊಲದಿಂದ ಬಂದು ವಾರವಾಗದ್ದನ್ನೇ ಆರಿಸಿದೆ. ಹಸಿರು ತಿರುಗಿದ್ದು, ಮೊಳಕೆ ಬಂದಿದ್ದು ಬೇಡ ಎಂದು ಬಿಟ್ಟೆ.

ಆಗಸ್ಟ್ 31, ಶನಿವಾರ: ಮೊದಲ ಸಲ

ಸಕ್ಕರೆಯ ಮೋಲಾರ್ ರಾಶಿ 342. ಅರ್ಧ ಲೀಟರ್ 1 ಮೋಲಾರ್ ದ್ರಾವಣಕ್ಕೆ 171 ಗ್ರಾಂ ಬೇಕು. 171 ಗ್ರಾಂ ತೂಗಿ, 500 ಮಿಲಿಲೀಟರ್ ನೀರು ಅಳೆದು, ಎರಡನ್ನೂ ಬೀಕರಿಗೆ ಸುರಿದು ಕರಗಿಸಿದೆ. ಇದು ಮೊದಲ ತಪ್ಪು. ಆ ದಿನ ನನಗೆ ಕಾಣಲಿಲ್ಲ.

ಅದರಿಂದ ಆರು ದ್ರಾವಣ: 0, 0.2, 0.4, 0.6, 0.8 ಮತ್ತು 1.0. ಉದಾಹರಣೆಗೆ 0.2ಕ್ಕೆ, 20 ಮಿಲಿಲೀಟರ್ ಮೂಲ ದ್ರಾವಣವನ್ನು ಅಳತೆ ಸಿಲಿಂಡರಿಗೆ ಹಾಕಿ 100ರ ಗೆರೆಯವರೆಗೆ ನೀರು ತುಂಬಿಸುವುದು. ಪ್ರತಿ ಟ್ಯೂಬಿಗೆ 40 ಮಿಲಿಲೀಟರ್.

ಗಡ್ಡೆಯನ್ನು ಟೈಲ್ ಮೇಲಿಟ್ಟು ಬೋರರ್ ತಿರುಗಿಸುತ್ತಾ ಇಳಿಸಿದರೆ ಸಿಲಿಂಡರ್ ಆಕಾರದ ತುಂಡು ಬರುತ್ತದೆ. ಎರಡು ತುದಿಯ ಸಿಪ್ಪೆ ಪೂರ್ತಿ ಹೋಗುವಂತೆ ಕತ್ತರಿಸಿ 30 ಮಿಲಿಮೀಟರಿಗೆ ಸರಿಮಾಡಬೇಕು. ಸಿಪ್ಪೆ ನೀರನ್ನು ಬಿಡುವುದಿಲ್ಲ, ಒಂದು ತುದಿಯಲ್ಲಿ ಉಳಿದರೂ ಆ ತುಂಡಿನ ಲೆಕ್ಕ ಬೇರೆಯಾಗುತ್ತದೆ. ಹೀಗೆ ಮಾಡಿದ ತುಂಡು ಸುಮಾರು 2.5 ಗ್ರಾಂ ತೂಗುತ್ತದೆ. ಪ್ರತಿ ಟ್ಯೂಬಿಗೆ ಮೂರು ತುಂಡು, ಮೂರನ್ನೂ ಒಟ್ಟಿಗೆ ತೂಗಿದೆವು. ಕತ್ತರಿಸಿದ ಕೂಡಲೇ ತಕ್ಕಡಿಗೆ, ಅಲ್ಲಿಂದ ಟ್ಯೂಬಿಗೆ. ಎರಡು ಗಂಟೆ ಬಿಟ್ಟು ತೆಗೆದು, ಟಿಶ್ಯೂ ಪೇಪರಿನಲ್ಲಿ ಒರೆಸಿ, ಮತ್ತೆ ತೂಗಿದೆವು. ಎರಡನೆಯ ತಪ್ಪು ಈ ಸಾಲುಗಳಲ್ಲೇ ಇದೆ.

ಅವತ್ತು ಕಣ್ಣಿಗೆ ಬಿದ್ದ ತೊಂದರೆ ಬೇರೆಯೇ ಒಂದು: 1.0 ಎಂದು ಬರೆದ ಟ್ಯೂಬಿನಲ್ಲಿ ತುಂಡುಗಳು ಮುಳುಗಲಿಲ್ಲ, ತೇಲಿದವು. ಗಟ್ಟಿ ಸಕ್ಕರೆ ನೀರು ಆಲೂಗಡ್ಡೆಗಿಂತ ಭಾರ. ಸರಿಯಾದ 1 ಮೋಲಾರ್ ದ್ರಾವಣ ಮಿಲಿಲೀಟರಿಗೆ ಸುಮಾರು 1.13 ಗ್ರಾಂ ತೂಗುತ್ತದೆ, ಆಲೂಗಡ್ಡೆ ಸುಮಾರು 1.08. ಮೇಲಕ್ಕೆ ಬಂದ ತುದಿಗಳು ಗಾಳಿಗೆ ಕಂದಾಗಿದ್ದವು. ಮುಂದಿನ ಸಲದಿಂದ ಸ್ಟ್ರಾ ತುಂಡೊಂದನ್ನು ಮೇಲಿನಿಂದ ಒತ್ತಿಟ್ಟು ಕಾರ್ಕ್ ಮುಚ್ಚಿದೆವು.

ಲೆಕ್ಕ ಹೀಗೆ:

```
% ಬದಲಾವಣೆ = (ಕೊನೆಯ ತೂಕ − ಮೊದಲ ತೂಕ) ÷ ಮೊದಲ ತೂಕ × 100
```

ಒಬ್ಬ ಹುಡುಗ ಗ್ರಾಂ ಲೆಕ್ಕದಲ್ಲೇ ಹೋಲಿಸಿದರಾಗದೇ ಎಂದ. ಅವನ ಮೇಜಿನಲ್ಲಿ ಬಿಡಿಯಾಗಿ ತೂಗಿದ್ದ ಎರಡು ತುಂಡುಗಳಿಂದಲೇ ತೋರಿಸಿದೆ. ಬರಿ ನೀರಿನಲ್ಲಿ 2.10 ಗ್ರಾಂ ತುಂಡು 0.25 ಗ್ರಾಂ ಏರಿತ್ತು, ಉದ್ದ ಕತ್ತರಿಸಿದ್ದ 2.80 ಗ್ರಾಂ ತುಂಡು 0.33 ಗ್ರಾಂ. ಗ್ರಾಂ ನೋಡಿದರೆ ಎರಡನೆಯದು ಹೆಚ್ಚು ನೀರು ಕುಡಿದಂತೆ ಕಾಣುತ್ತದೆ. ಶೇಕಡಾವಾರು ನೋಡಿದರೆ 11.9 ಮತ್ತು 11.8. ಕತ್ತರಿಸುವ ಕೈಯ ವ್ಯತ್ಯಾಸ ಇಲ್ಲಿ ಅಳಿಸಿಹೋಗುತ್ತದೆ.

0.2ರಲ್ಲಿ ಶೇ. 4.0 ಏರಿಕೆ, 0.4ರಲ್ಲಿ ಶೇ. 3.5 ಇಳಿಕೆ. ನಕ್ಷೆಯಲ್ಲಿ ಗೆರೆ ಸೊನ್ನೆಯನ್ನು ದಾಟಿದ್ದು 0.31ರ ಹತ್ತಿರ. ಎಲ್ಲರಿಗೂ ಖುಷಿ.

ತಪ್ಪು ಗೊತ್ತಾದದ್ದು ಪಾತ್ರೆ ತೊಳೆಯುವಾಗ. ಉಳಿದ ಮೂಲ ದ್ರಾವಣವನ್ನು ತೆಗೆದಿಡಲು ಅಟೆಂಡರ್ ಅಣ್ಣ ಬಾಟಲಿ ತಂದರು. ಆರು ದ್ರಾವಣಕ್ಕೆ ಒಟ್ಟು 300 ಮಿಲಿಲೀಟರ್ ಖರ್ಚಾಗಿತ್ತು, 200 ಉಳಿಯಬೇಕಿತ್ತು. 250ರ ಬಾಟಲಿ ತುಂಬಿ ಚೆಲ್ಲಿತು. "ಮೇಡಂ, ಇದು ಇನ್ನೂ ಐವತ್ತು ಜಾಸ್ತಿ ಇದೆ" ಎಂದರು. ಅಳೆದು ನೋಡಿದರೆ ಒಟ್ಟು 606 ಮಿಲಿಲೀಟರ್ ಆಗಿತ್ತು. ಸಕ್ಕರೆ ಕರಗಿದರೂ ಅದರ ಜಾಗ ಎಲ್ಲಿಗೂ ಹೋಗುವುದಿಲ್ಲ. 171 ಗ್ರಾಂ ಸಕ್ಕರೆ ನೂರು ಮಿಲಿಲೀಟರಿಗೂ ಹೆಚ್ಚು ಜಾಗ ಹಿಡಿದಿತ್ತು. ಅರ್ಧ ಮೋಲ್ ಸಕ್ಕರೆ 606 ಮಿಲಿಲೀಟರಿನಲ್ಲಿ ಎಂದರೆ ನನ್ನ ದ್ರಾವಣ 1 ಮೋಲಾರ್ ಅಲ್ಲ, 0.825. ಟ್ಯೂಬುಗಳ ಮೇಲಿನ ಎಲ್ಲ ಅಂಕಿಗಳೂ ಅದೇ ಪ್ರಮಾಣದಲ್ಲಿ ಸುಳ್ಳು. 0.31 ನಿಜಕ್ಕೂ 0.25.

ಸೋಮವಾರ ತರಗತಿಯಲ್ಲಿ ಇದನ್ನು ಹಾಗೇ ಹೇಳಿದೆ. ಸರಿಯಾದ ಕ್ರಮ: ಸಕ್ಕರೆಯನ್ನು ಮೊದಲು 300 ಮಿಲಿಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ 500ರ ಗೆರೆ ಮುಟ್ಟುವವರೆಗೆ ನೀರು ಸೇರಿಸಬೇಕು.

ಸೆಪ್ಟೆಂಬರ್ 14, ಶನಿವಾರ: ಎರಡನೆಯ ಸಲ

ನಡುವೆ ಗೌರಿ-ಗಣೇಶ ಹಬ್ಬದ ರಜೆ. ಈ ಸಲ ಮೂಲ ದ್ರಾವಣ ಸರಿಯಾಗಿ ಮಾಡಿದೆವು. ಇನ್ನೆರಡು ಬದಲಾವಣೆಗಳೂ ಇದ್ದವು.

ಮೊದಲ ಸಲ ಯಾವ ಗಡ್ಡೆಯ ತುಂಡು ಯಾವ ಟ್ಯೂಬಿಗೆ ಹೋಯಿತೆಂಬ ಲೆಕ್ಕವಿರಲಿಲ್ಲ. ಈ ಸಲ ಮೂರು ದೊಡ್ಡ ಗಡ್ಡೆ ತೆಗೆದುಕೊಂಡು ಪ್ರತಿಯೊಂದರಿಂದ ಆರು ತುಂಡು ತೆಗೆದೆವು. ಪ್ರತಿ ಟ್ಯೂಬಿಗೂ ಮೂರೂ ಗಡ್ಡೆಯಿಂದ ಒಂದೊಂದು. ಯಾವುದೋ ಒಂದು ಗಡ್ಡೆ ಒಣಕಲಾಗಿದ್ದರೆ ಅದು ಎಲ್ಲ ಟ್ಯೂಬನ್ನೂ ಒಂದೇ ರೀತಿ ತಟ್ಟಲಿ ಎಂದು.

ಎರಡನೆಯದು ಒರೆಸುವುದು. ಮೇಜಿನಿಂದ ಮೇಜಿಗೆ ಒರೆಸುವ ರೀತಿ ಬೇರೆಯಾಗಿತ್ತು. ಎಷ್ಟು ವ್ಯತ್ಯಾಸ ಎಂದು ನೋಡಲು ಒಂದೇ ತುಂಡನ್ನು ನೀರಿಗೆ ಅದ್ದಿ ತೆಗೆದು ಮೂರು ರೀತಿ ತೂಗಿದೆವು. ಬರೀ ಕೊಡವಿದಾಗ 2.71 ಗ್ರಾಂ. ಟಿಶ್ಯೂ ಮೇಲೆ ಮೆಲ್ಲಗೆ ಉರುಳಿಸಿ ಎರಡು ತುದಿ ಒತ್ತಿದಾಗ 2.56. ಗಟ್ಟಿಯಾಗಿ ಹಿಂಡಿದಾಗ 2.49. ಅಂದರೆ ಒರೆಸುವ ಕೈ ಒಂದೇ ಶೇ. 8ಕ್ಕಿಂತ ಹೆಚ್ಚು ಆಟ ಆಡಿಸಬಲ್ಲದು, ಹಿಂಡಿದರೆ ಜೀವಕೋಶಗಳೂ ಒಡೆಯುತ್ತವೆ. ಅಂದಿನಿಂದ ನಮ್ಮ ನಿಯಮ: ಒಂದು ತುಂಡಿಗೆ ಹೊಸ ಟಿಶ್ಯೂ, ಎರಡು ಸುತ್ತು ಉರುಳಿಸು, ಎರಡು ತುದಿಯನ್ನು ಒಂದೊಂದು ಸಲ ಮುಟ್ಟಿಸು. ಎಲ್ಲ ತುಂಡನ್ನೂ ಒಬ್ಬಳೇ ಒರೆಸಬೇಕು.

ಇದನ್ನು ಮಾಡುವಾಗಲೇ, ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ, "ಮೇಡಂ, ಹೋದ್ಸಲ ಮೊದಲ್ನೇ ತೂಕಕ್ಕೆ ಮುಂಚೆ ಒರೆಸಲೇ ಇಲ್ವಲ್ಲ" ಎಂದಳು. ಹೌದು. ಹೊಸದಾಗಿ ಕತ್ತರಿಸಿದ ತುಂಡಿನ ಮೈಮೇಲೆ ಒಡೆದ ಜೀವಕೋಶಗಳ ರಸ ಅಂಟಿರುತ್ತದೆ. ಅದರ ಸಮೇತ ಮೊದಲ ತೂಕ ಬರೆದು, ಕೊನೆಯ ತೂಕವನ್ನು ಮಾತ್ರ ಒರೆಸಿ ಬರೆದರೆ, ಏನೂ ಆಗದ ತುಂಡೂ ತೂಕ ಕಳೆದುಕೊಂಡಂತೆ ಕಾಣುತ್ತದೆ. ಆಗ ಗೆರೆ ಪೂರ್ತಿ ಕೆಳಗೆ ಜಾರಿ, ಸೊನ್ನೆಯನ್ನು ಬೇಗ ದಾಟುತ್ತದೆ. ಎಷ್ಟು ಜಾರಿತ್ತು ಎಂದು ಅಳೆಯಲು ಹೊಸ ಹತ್ತು ತುಂಡು ಕತ್ತರಿಸಿ ಒಟ್ಟಿಗೆ ತೂಗಿದೆವು: 25.86 ಗ್ರಾಂ. ಒರೆಸಿದ ಮೇಲೆ 25.49. ವ್ಯತ್ಯಾಸ ಶೇ. 1.4. ಈ ಅಂಕಿಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ತುಂಡುಗಳನ್ನು ಎರಡೆರಡು ನಿಮಿಷದ ಅಂತರದಲ್ಲಿ ಟ್ಯೂಬಿಗೆ ಹಾಕಿ, ಎರಡು ಗಂಟೆಯ ನಂತರ ಅದೇ ಅಂತರದಲ್ಲಿ ತೆಗೆದೆವು. ಲ್ಯಾಬಿನ ಉಷ್ಣತೆ 26 ಡಿಗ್ರಿ. ಮೂರು ತುಂಡುಗಳ ಒಟ್ಟು ತೂಕ:

| ಸಾರತೆ (ಮೋಲಾರ್) | ಮೊದಲು (ಗ್ರಾಂ) | ಕೊನೆಗೆ (ಗ್ರಾಂ) | ಬದಲಾವಣೆ (ಶೇ.) |
|---|---|---|---|
| 0 | 7.62 | 8.53 | +11.9 |
| 0.2 | 7.58 | 7.88 | +4.0 |
| 0.4 | 7.65 | 7.25 | −5.2 |
| 0.6 | 7.60 | 6.65 | −12.5 |
| 0.8 | 7.55 | 6.19 | −18.0 |
| 1.0 | 7.63 | 5.99 | −21.5 |

ಬರಿ ನೀರಿನ ತುಂಡು ಬಗ್ಗಿಸಿದರೆ ಟಕ್ಕೆಂದು ಮುರಿಯಿತು. 1.0ರ ತುಂಡು ರಬ್ಬರಿನಂತೆ ಬಳುಕಿತು.

ಈ ಬಿಂದುಗಳು ಒಂದೇ ನೇರ ಗೆರೆಯಲ್ಲಿಲ್ಲ. 0.6ರ ನಂತರ ಇಳಿಕೆ ನಿಧಾನವಾಗುತ್ತದೆ. ಅಷ್ಟು ಹೊತ್ತಿಗೆ ಜೀವಕೋಶದ ಪೊರೆ ಅದರ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಮಧ್ಯದ ಜಾಗಕ್ಕೆ ಹೊರಗಿನ ಸಕ್ಕರೆ ನೀರೇ ತುಂಬಿಕೊಳ್ಳುತ್ತದೆ, ಅದರ ತೂಕವೂ ತಕ್ಕಡಿಗೆ ಬರುತ್ತದೆ. ಆದ್ದರಿಂದ ಆರೂ ಬಿಂದುಗಳಿಗೆ ಸ್ಕೇಲು ಇಟ್ಟು ಒಂದೇ ಗೆರೆ ಎಳೆಯುವುದು ಸರಿಯಲ್ಲ. ಹಾಗೆ ಎಳೆದರೆ 0.30 ಬರುತ್ತದೆ. ಸೊನ್ನೆಯ ಆಚೀಚೆಯ ಎರಡು ಬಿಂದುಗಳನ್ನು ಮಾತ್ರ ಸೇರಿಸಿದರೆ:

```
0.2 + 0.2 × 4.0 ÷ (4.0 + 5.2) = 0.287
```

ಈಗ ಹಲಗೆಯ ಮೂಲೆಯ ಅಂಕಿಗೆ ಬಂದೆವು. ಮೊದಲ ಸಲದ ಉತ್ತರ, ದ್ರಾವಣದ ತಪ್ಪನ್ನು ತಿದ್ದಿದ ಮೇಲೆ, 0.253. ಈ ಸಲದ್ದು 0.287. ವ್ಯತ್ಯಾಸ 0.034. ಸೊನ್ನೆಯ ಹತ್ತಿರ ಗೆರೆಯ ಇಳಿಜಾರು ಎಷ್ಟೆಂದರೆ, ಸಾರತೆ 0.01 ಹೆಚ್ಚಿದರೆ ತೂಕ ಸುಮಾರು ಶೇ. 0.45 ಇಳಿಯುತ್ತದೆ. 0.034ಕ್ಕೆ ಲೆಕ್ಕ ಹಾಕಿದರೆ ಶೇ. 1.5. ಒರೆಸದೆ ಬಿಟ್ಟ ರಸ ಹೆಚ್ಚುಕಡಿಮೆ ಅಷ್ಟೇ ಇತ್ತು! ಮೊದಲ ಸಲದ ಎರಡು ತಪ್ಪುಗಳ ಲೆಕ್ಕವೂ ಇಲ್ಲಿ ಚುಕ್ತಾ ಆಯಿತು. ದ್ರಾವಣ ತೆಳುವಾಗಿದ್ದದ್ದು ಉತ್ತರವನ್ನು 0.29ರಿಂದ 0.35ರ ಕಡೆಗೆ ತಳ್ಳಿತ್ತು, ಒರೆಸದೇ ಇದ್ದದ್ದು ಅದನ್ನು ಮತ್ತೆ 0.31ಕ್ಕೆ ಇಳಿಸಿತ್ತು. ಬಾಟಲಿ ತುಂಬಿ ಚೆಲ್ಲದಿದ್ದರೆ ಎರಡೂ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಸೆಪ್ಟೆಂಬರ್ 21, ಶನಿವಾರ: ಸೊನ್ನೆಯ ಹತ್ತಿರ

0.2ಕ್ಕೂ 0.4ಕ್ಕೂ ನಡುವೆ ಒಂದು ಬಿಂದುವೂ ಇಲ್ಲದೆ 0.287 ಎಂದು ಮೂರು ಅಂಕಿ ಬರೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ನಾಲ್ಕೇ ದ್ರಾವಣ ಮಾಡಿದೆವು: 0.20, 0.25, 0.30, 0.35. ಐದು ಗಡ್ಡೆ, ಪ್ರತಿ ಗಡ್ಡೆಯಿಂದ ಟ್ಯೂಬಿಗೊಂದು ತುಂಡು. ಈ ಸಲ ತುಂಡುಗಳನ್ನು ಒಟ್ಟಿಗೆ ತೂಗಲಿಲ್ಲ, ಬಿಡಿಬಿಡಿಯಾಗಿ ತೂಗಿದೆವು. ಯಾವುದು ಯಾವುದೆಂದು ತಿಳಿಯಲು ತುದಿಯಲ್ಲಿ ಗುಂಡುಸೂಜಿಯಿಂದ ಒಂದರಿಂದ ಐದು ಚುಕ್ಕಿ.

ಸರಾಸರಿ ಬದಲಾವಣೆ: +3.7, +1.6, −0.7, −3.0. ಈ ನಾಲ್ಕು ಬಿಂದುಗಳು ನೇರ ಗೆರೆಯಲ್ಲಿ ಚೆನ್ನಾಗಿ ಕೂತವು. ಗೆರೆ ಸೊನ್ನೆಯನ್ನು ದಾಟಿದ್ದು 0.284ರಲ್ಲಿ.

ಬಿಡಿಬಿಡಿಯಾಗಿ ತೂಗಿದ್ದರ ಲಾಭ ಇಲ್ಲಿ ಕಂಡಿತು. 0.25ರ ಐದು ತುಂಡುಗಳು +2.4, +1.1, +1.9, +0.6, +2.0. ಒಂದೇ ದ್ರಾವಣದಲ್ಲಿದ್ದರೂ ಸರಾಸರಿಯಿಂದ ಶೇ. 1ರವರೆಗೆ ಆಚೀಚೆ. ಇಳಿಜಾರಿನ ಲೆಕ್ಕದಲ್ಲಿ ಶೇ. 1 ಅಂದರೆ ಸುಮಾರು 0.02 ಮೋಲಾರ್. ಹಾಗಾಗಿ ಮೂರನೆಯ ಅಂಕಿಗೆ ಬೆಲೆಯಿಲ್ಲ. ನಾವು ರೆಕಾರ್ಡಿನಲ್ಲಿ ಬರೆದದ್ದು: 0.28 ಮೋಲಾರ್, 0.02 ಹೆಚ್ಚು ಕಡಿಮೆ. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಸೂಚಿಸುವ ನೀರಿನ ವಿಭವದಲ್ಲಿ ಹೇಳಬೇಕೆಂದರೆ 26 ಡಿಗ್ರಿಯಲ್ಲಿ, ಅಂದರೆ 299 ಕೆಲ್ವಿನ್‌ನಲ್ಲಿ:

```
Ψ = −CRT = −0.28 × 8.314 × 299 = −696 kPa
```

ಅಂದರೆ ಸುಮಾರು −0.70 ಮೆಗಾಪ್ಯಾಸ್ಕಲ್.

0.28 ಎಂದರೆ ಆಲೂಗಡ್ಡೆಯ ಒಳಗೆ 0.28 ಮೋಲಾರ್ ಸಕ್ಕರೆ ಇದೆ ಎಂದಲ್ಲ. ಹುಡುಗರಲ್ಲಿ ಅರ್ಧ ಜನ ಹಾಗೇ ಬರೆದಿದ್ದರು, ನಾನು ಹೊಡೆದುಹಾಕಿಸಿದೆ. ಒಳಗಿನ ರಸದಲ್ಲಿ ಸಕ್ಕರೆಯ ಜೊತೆ ಪೊಟ್ಯಾಸಿಯಂ ಲವಣಗಳು, ಅಮೈನೋ ಆಮ್ಲಗಳು ಎಲ್ಲ ಇವೆ. ಅದಲ್ಲದೆ ಉಬ್ಬಿದ ಜೀವಕೋಶದ ಗೋಡೆ ಒಳಗಿನ ನೀರನ್ನು ಹೊರಕ್ಕೆ ಒತ್ತುತ್ತಿರುತ್ತದೆ. ಇಷ್ಟೆಲ್ಲ ಸೇರಿದ ಮೇಲೆ, ಅವತ್ತು ಆ ಗಡ್ಡೆ ಇದ್ದ ಸ್ಥಿತಿಯಲ್ಲಿ, ನೀರು ಯಾವ ಕಡೆಗೂ ಹರಿಯದಂತೆ ಹಿಡಿದ ದ್ರಾವಣ 0.28ರದ್ದು.

ಎರಡು ಗಂಟೆ ಸಾಕೇ ಎಂದು ಕೇಳುವವರಿಗೆ: ಇಷ್ಟು ದಪ್ಪದ ತುಂಡು ಎರಡು ಗಂಟೆಯಲ್ಲಿ ಪೂರ್ತಿ ನಿಲ್ಲುವುದಿಲ್ಲ, ಬರಿ ನೀರಿನಲ್ಲಿ ಆಮೇಲೂ ಏರುತ್ತಿರುತ್ತದೆ. ಆದರೆ ಸೊನ್ನೆ ದಾಟುವ ಜಾಗ ಅದರಿಂದ ಹೆಚ್ಚು ಸರಿಯುವುದಿಲ್ಲ, ಏಕೆಂದರೆ ಅಲ್ಲಿ ನೀರು ಹರಿಯಲು ಕಾರಣವೇ ಇಲ್ಲ. ಸಮಯ ಕಡಿಮೆಯಾದರೆ ಗೆರೆ ಚಪ್ಪಟೆಯಾಗುತ್ತದೆ, ಆಗ ಒರೆಸುವ ಸಣ್ಣ ತಪ್ಪೂ ಉತ್ತರವನ್ನು ದೂರ ಸರಿಸುತ್ತದೆ.

ಸೆಪ್ಟೆಂಬರ್ 28, ಶನಿವಾರ: ಫ್ರಿಜ್ಜಿನ ಗಡ್ಡೆ

ಆಗಸ್ಟ್ ಕೊನೆಯಲ್ಲಿ ತಂದದ್ದರಲ್ಲಿ ಉಳಿದ ಐದು ಗಡ್ಡೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ನಾಲ್ಕು ವಾರದಿಂದ ಕೂತಿದ್ದವು. ಅವನ್ನೂ ನೋಡೋಣ ಎಂದು ತಂದೆ. ದ್ರಾವಣಗಳು 0.25, 0.30, 0.35, 0.40. ಉಳಿದದ್ದೆಲ್ಲ ಹಿಂದಿನ ವಾರದಂತೆಯೇ.

ಈ ಗಡ್ಡೆಗಳು 0.35ರಲ್ಲೂ ಇನ್ನೂ ನೀರು ಎಳೆದುಕೊಳ್ಳುತ್ತಿದ್ದವು: +0.4. 0.40ರಲ್ಲಿ −2.0. ಸೊನ್ನೆ ದಾಟಿದ್ದು 0.36ರ ಹತ್ತಿರ. ಹೊಸ ಗಡ್ಡೆಗಿಂತ 0.08 ಹೆಚ್ಚು. ಇದು ನಮ್ಮ 0.02ರ ಆಚೀಚೆಗಿಂತ ಬಹಳ ದೊಡ್ಡದು, ಕೈತಪ್ಪು ಎನ್ನುವಂತಿಲ್ಲ.

ಕಾರಣ ಎರಡಿರಬಹುದು. ತಣ್ಣಗಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಫ್ರಿಜ್ಜಿನ ಗಡ್ಡೆ ಸಿಹಿಯಾಗುವುದು, ಹುರಿದರೆ ಬೇಗ ಕಪ್ಪಾಗುವುದು ಅದಕ್ಕೇ. ಇನ್ನೊಂದು, ನಾಲ್ಕು ವಾರದಲ್ಲಿ ಗಡ್ಡೆಯಿಂದ ನೀರು ಆರಿಹೋಗಿರುತ್ತದೆ. ಒತ್ತಿದರೆ ಅವು ಮೆತ್ತಗೂ ಇದ್ದವು. ಎರಡೂ ಗೆರೆಯನ್ನು ಒಂದೇ ಕಡೆಗೆ ತಳ್ಳುತ್ತವೆ. ನಮ್ಮದೇ ಇಳಿಜಾರಿನ ಪ್ರಕಾರ 0.08 ಸರಿಯಲು ಶೇ. 3.6ರಷ್ಟು ನೀರು ಆರಿದರೂ ಸಾಕು, ಸಕ್ಕರೆ ಒಂದಿಷ್ಟೂ ಹೆಚ್ಚಬೇಕಿಲ್ಲ. ಫ್ರಿಜ್ಜಿಗೆ ಇಡುವ ಮುಂಚೆ ನಾನು ಗಡ್ಡೆಗಳನ್ನು ತೂಗಿರಲಿಲ್ಲ. ಹಾಗಾಗಿ ಯಾವುದು ಎಷ್ಟು ಎಂದು ಹೇಳಲಾಗದೆ ಇಲ್ಲೇ ನಿಂತಿದ್ದೇವೆ.

ಈಗ ಹೊಸ ಆರು ಗಡ್ಡೆ ತಂದು, ಒಂದೊಂದನ್ನೂ ತೂಗಿ, ಸಿಪ್ಪೆಯ ಮೇಲೆ ಮಾರ್ಕರಿನಲ್ಲಿ ಸಂಖ್ಯೆ ಮತ್ತು ತೂಕ ಬರೆದಿದ್ದೇವೆ. 1, 2, 3 ಫ್ರಿಜ್ಜಿನಲ್ಲಿ. 4, 5, 6 ಲ್ಯಾಬಿನ ಬೀರುವಿನಲ್ಲಿ, ಕತ್ತಲಲ್ಲಿ, ಬಿದಿರು ಬುಟ್ಟಿಯಲ್ಲಿ. ನಾಲ್ಕು ವಾರದ ಮೇಲೆ ಮೊದಲು ಇಡೀ ಗಡ್ಡೆ ತೂಗುತ್ತೇವೆ, ಆಮೇಲೆ ಬೋರರ್ ಇಳಿಸುತ್ತೇವೆ. ಫ್ರಿಜ್ಜಿನ ಗಡ್ಡೆ ಶೇ. 3.6ಕ್ಕಿಂತ ಬಹಳ ಕಡಿಮೆ ತೂಕ ಕಳೆದುಕೊಂಡೂ ಸೊನ್ನೆ ಮತ್ತೆ 0.36ರ ಹತ್ತಿರವೇ ಬಂದರೆ, ಉಳಿದ ಪಾಲು ಸಕ್ಕರೆಯದು ಎಂದು ಬರೆಯಬಹುದು. ಗಡ್ಡೆಯ ಸಂಖ್ಯೆ, ದಿನಾಂಕ, ತೂಕದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೇನೆ, ಮನೆಯಲ್ಲಿ ಯಾರೂ ಸಾಗು ಮಾಡಿಬಿಡದಂತೆ.